ನಿದ್ದೆ ಹತ್ತದವನ ಕಾವಲು: ಆಯತುಲ್ ಕುರ್ಸಿ ರಾತ್ರಿ ಯಾಕೆ ಓದುತ್ತಾರೆ?

ಪ್ರಶ್ನೆ: ನಾನು ಶಹಾಪುರದಾಕಿ, ಮದುವಿಯಾಗಿ ಕಲಬುರಗಿಗೆ ಬಂದು ಹನ್ನೊಂದು ವರ್ಷ ಆಯ್ತು. ಕನ್ನಡ ಸಾಲಿ ಕಲ್ತೀನಿ, ಅರಬ್ಬಿ ಓದಾಕ ಬರಂಗಿಲ್ಲ. ನಮ್ಮ ಅತ್ತಿ ಬರೆಸಿಕೊಟ್ಟ ಕನ್ನಡ ಚೀಟಿ ನೋಡಿ ಮಲಗೋ ಮುಂದ ಕುರ್‌ಆನಿನ ಆಯತುಲ್ ಕುರ್ಸಿ ಓದ್ತೀನಿ. ಎರಡು ತಿಂಗಳಾತು, ಎಂಟು ವರ್ಷದ ಮಗಳು ರಾತ್ರಿ ಚೀರಿ ಏಳ್ತಾಳ. ಬಾಜೂ ಮನಿ ಆಪಾ ಹೇಳ್ತಾರ, ತಪ್ಪು ಓದಿದ್ರ ಉಲ್ಟಾ ಆಗ್ತದ, ಒಂದು ರಾತ್ರಿ ಬಿಟ್ರ ಜಿನ್ ಒಳಗ ಬರ್ತಾವ, ತಿಂಗಳ ದಿನದಾಗ ಓದಲೇಬಾರ್ದು ಅಂತ. ಅದಕ್ಕ ಆ ದಿನಗಳಾಗ ಮೊಬೈಲ್‌ನಾಗ ರಾತ್ರಿಯೆಲ್ಲ ಹಚ್ಚಿಡ್ತೀನಿ. ತಾವೀಜ್ ಕಟ್ಟಸ್ರಿ ಅಂತಾನೂ ಹೇಳ್ಯಾರ. ಅದರ ಅರ್ಥ ಏನು, ರಾತ್ರೀನೇ ಯಾಕ ಓದಬೇಕು? ಚೀಟಿಯ ಮೊದಲ ಸಾಲು ಕಳಿಸೀನಿ: "ಅಲ್ಲಾಹು ಲಾಯಿಲಾಹ ಇಲ್ಲಾಹು ವಲ್ ಹಯ್ಯುಲ್ ಖಯ್ಯೂಮು. ಲ ತಾಖುಜುಹು ಸಿನತುವಲ ನೌಮು. ಲಾಹು ಮಾಫಿ ಸಮಾವಾತಿ..."

ಉತ್ತರ: ತಂಗೀ, ಚೀಟಿಯ ಸಾಲು ಕಳಿಸಿದ್ದು ಒಳ್ಳೆಯದಾಯಿತು. ಸಂಜೆಯ ಮಕ್ತಬ್‌ನಲ್ಲಿ ಮಕ್ಕಳಿಗೂ, ಅವರ ತಾಯಂದಿರಿಗೂ ಕುರ್‌ಆನ್ ಕಲಿಸುತ್ತಾ ಬಂದವನು ನಾನು. ಇಂಥ ಚೀಟಿಗಳನ್ನು ಬಹಳ ನೋಡಿದ್ದೇನೆ. ನಿಮ್ಮ ಚೀಟಿಯಲ್ಲಿ ತಿದ್ದಬೇಕಾದ್ದು ಇದೆ. ಆದರೆ ಅದಕ್ಕೂ ಮಗಳ ಚೀರಾಟಕ್ಕೂ ಸಂಬಂಧವಿಲ್ಲ. ಚೀಟಿಗೆ ಆಮೇಲೆ ಬರುತ್ತೇನೆ. ಮೊದಲು ರಾತ್ರಿಯ ಮಾತು, ಯಾಕೆಂದರೆ ಆಪಾ ಹೇಳಿದ ಹೆದರಿಕೆಯೆಲ್ಲ ಹುಟ್ಟಿದ್ದು ಒಂದು ಕಥೆಯನ್ನು ಅರ್ಧ ಕೇಳಿದ್ದರಿಂದ.

ಆ ಕಥೆ ಸಹೀಹ್ ಬುಖಾರಿಯಲ್ಲಿದೆ. ರಮಜಾನಿನಲ್ಲಿ ಜನ ಕೊಟ್ಟ ಝಕಾತಿನ ಧಾನ್ಯವನ್ನು ಕಾಯುವ ಕೆಲಸವನ್ನು ಪ್ರವಾದಿ ಮುಹಮ್ಮದ್ (ಸ) ಅವರು ಅಬೂ ಹುರೈರಾ (ರ) ಅವರಿಗೆ ಒಪ್ಪಿಸಿದ್ದರು. ನಮ್ಮ ಕಡೆ ತೊಗರಿ ರಾಶಿಯಾದಾಗ ಕಣದಲ್ಲಿ ಕಂಬಳಿ ಹೊದ್ದು ಕಾಯುವುದಿಲ್ಲವೇ, ಹಾಗೆ. ರಾತ್ರಿ ಒಬ್ಬ ಬಂದು ಧಾನ್ಯವನ್ನು ಬಾಚಿಕೊಳ್ಳತೊಡಗಿದ. ಇವರು ಹಿಡಿದರು. ಅವನು "ಬಡವ, ಮನೆಯಲ್ಲಿ ಹೆಂಡಿರು ಮಕ್ಕಳಿದ್ದಾರೆ" ಎಂದು ಗೋಗರೆದ. ಕನಿಕರಪಟ್ಟು ಬಿಟ್ಟರು. ಬೆಳಿಗ್ಗೆ ಪ್ರವಾದಿಯವರೇ ಕೇಳಿದರು, "ನಿನ್ನೆಯ ನಿನ್ನ ಕೈದಿ ಏನಾದ?" ಇವರು ನಡೆದದ್ದನ್ನು ಹೇಳಿದರು. "ಸುಳ್ಳು ಹೇಳಿದ್ದಾನೆ, ಮತ್ತೆ ಬರುತ್ತಾನೆ" ಎಂದರು ಪ್ರವಾದಿ. ಎರಡನೇ ರಾತ್ರಿಯೂ ಬಂದ, ಅದೇ ಗೋಳು, ಮತ್ತೆ ಬಿಟ್ಟರು. ಮೂರನೇ ರಾತ್ರಿ ಹಿಡಿದಾಗ ಇನ್ನು ಬಿಡುವುದಿಲ್ಲ ಎಂದರು. ಆಗ ಅವನು, ಬಿಟ್ಟರೆ ನಿನಗೆ ಉಪಯೋಗದ ಮಾತೊಂದನ್ನು ಕಲಿಸುತ್ತೇನೆ ಎಂದ: "ಹಾಸಿಗೆಗೆ ಹೋದಾಗ ಆಯತುಲ್ ಕುರ್ಸಿ ಕೊನೆತನಕ ಓದು. ಅಲ್ಲಾಹನ ಕಡೆಯಿಂದ ಒಬ್ಬ ಕಾವಲುಗಾರ ನಿನ್ನ ಮೇಲಿರುತ್ತಾನೆ, ಬೆಳಗಾಗುವ ತನಕ ಶೈತಾನ ನಿನ್ನ ಹತ್ತಿರ ಸುಳಿಯುವುದಿಲ್ಲ." ಬೆಳಿಗ್ಗೆ ಪ್ರವಾದಿಯವರು ಹೇಳಿದರು, "ಅವನು ಸುಳ್ಳುಗಾರನೇ, ಆದರೂ ಈ ಮಾತು ನಿಜವನ್ನೇ ಹೇಳಿದ್ದಾನೆ. ಮೂರು ರಾತ್ರಿ ನೀನು ಯಾರ ಜೊತೆ ಮಾತಾಡಿದೆ ಗೊತ್ತೇ? ಅವನು ಶೈತಾನ."

ಮಲಗುವಾಗ ಓದುವ ರೂಢಿಗೆ ಆಧಾರ ಇದು. ಇದರಲ್ಲಿ ಎಷ್ಟು ಸಲ ಓದಬೇಕೆಂಬ ಲೆಕ್ಕವಿಲ್ಲ, ಒಂದು ಸಲ ಓದಿದರೆ ಮಾತು ಪೂರ್ತಿಯಾಯಿತು. 41 ಸಲ, 313 ಸಲ ಎಂದು ಹೇಳುವವರು ಈ ಕಥೆಗೆ ಹೊರಗಿನಿಂದ ತಂದು ಸೇರಿಸಿದ್ದು. ಓದದ ರಾತ್ರಿ ಏನಾಗುತ್ತದೆ ಎಂಬ ಬೆದರಿಕೆಯೂ ಇಲ್ಲ. ಓದಿದವನಿಗೆ ಒಂದು ಭರವಸೆ ಇದೆ, ಅಷ್ಟೇ. ಭರವಸೆಯನ್ನು ತಿರುವಿ ಹಾಕಿ ಬೆದರಿಕೆ ಮಾಡಿಕೊಂಡದ್ದು ನಾವು. ಮಲಗುವಾಗಿನ ಈ ಓದು ಸುನ್ನತ್, ಕಡ್ಡಾಯವಾದ ಫರ್ಜ್ ಅಲ್ಲ. ದಣಿದು ಓದುತ್ತಾ ಓದುತ್ತಾ ಕಣ್ಣು ಮುಚ್ಚಿಹೋದರೆ ಗುನಾಹ್ ಇಲ್ಲ, ಬಾಗಿಲು ತೆರೆದು ಬಿಟ್ಟಂತೆಯೂ ಅಲ್ಲ.

ಈಗ ಅರ್ಥ. ಇದು ಕುರ್‌ಆನಿನ ಎರಡನೇ ಅಧ್ಯಾಯ ಅಲ್ ಬಕರದ 255ನೇ ಆಯತ್, ಅಂದರೆ ಸೂಕ್ತ. ಒಂದೇ ಆಯತ್ ಆದರೂ ಅದರೊಳಗೆ ನಿಲ್ಲುವ ಜಾಗಗಳಿವೆ, ಹಾಗೆ ನಿಂತು ಓದಿದರೆ ಒಂಬತ್ತು ತುಂಡು. ಸರಳ ಕನ್ನಡದಲ್ಲಿ ಹೀಗೆ ಬರುತ್ತದೆ: ಅಲ್ಲಾಹ್, ಅವನ ಹೊರತು ಬೇರೆ ಆರಾಧ್ಯನಿಲ್ಲ, ಸದಾ ಜೀವಂತ, ತಾನಾಗಿ ನಿಂತು ಎಲ್ಲವನ್ನೂ ನಿಲ್ಲಿಸಿದವನು. ಅವನಿಗೆ ಜೋಂಪು ಹತ್ತುವುದಿಲ್ಲ, ನಿದ್ದೆಯೂ ಇಲ್ಲ. ಆಕಾಶಗಳಲ್ಲಿರುವುದು, ಭೂಮಿಯಲ್ಲಿರುವುದು ಎಲ್ಲ ಅವನದೇ. ಅವನ ಅಪ್ಪಣೆ ಇಲ್ಲದೆ ಅವನ ಮುಂದೆ ಶಿಫಾರಸು ಮಾಡುವವರು ಯಾರು? ಅವರ ಮುಂದಿರುವುದೂ ಹಿಂದಿರುವುದೂ ಅವನಿಗೆ ಗೊತ್ತು. ಅವನು ಬಯಸಿದಷ್ಟರ ಹೊರತು ಅವನ ಜ್ಞಾನದಲ್ಲಿ ಯಾವುದೂ ಅವರ ಹಿಡಿತಕ್ಕೆ ಸಿಕ್ಕದು. ಅವನ ಕುರ್ಸಿ ಆಕಾಶಗಳನ್ನೂ ಭೂಮಿಯನ್ನೂ ವ್ಯಾಪಿಸಿದೆ. ಅವೆರಡನ್ನೂ ಕಾಯುವುದು ಅವನಿಗೆ ಭಾರವಲ್ಲ. ಅವನು ಉನ್ನತ, ಮಹಾನ್.

ಎರಡನೆಯ ತುಂಡನ್ನು ನೋಡಿ. ಅರಬ್ಬಿಯಲ್ಲಿ "ಸಿನ" ಎಂದರೆ ನಿದ್ದೆ ಅಲ್ಲ, ನಿದ್ದೆಗೆ ಮುಂಚೆ ತಲೆ ಭಾರವಾಗಿ ಕಣ್ಣು ಎಳೆಯುವ ಜೋಂಪು. "ನೌಮ್" ನಿದ್ದೆ. ನಾವು ಹೊಗಳುವುದಾದರೆ "ಅವನು ನಿದ್ದೆ ಮಾಡುವುದಿಲ್ಲ, ತೂಕಡಿಸುವುದು ಕೂಡ ಇಲ್ಲ" ಎನ್ನುತ್ತಿದ್ದೆವು. ಆಯತ್ ಅದನ್ನು ಬರುವ ಕ್ರಮದಲ್ಲಿ ಹೇಳುತ್ತದೆ, ಮೊದಲು ಜೋಂಪು, ಆಮೇಲೆ ನಿದ್ದೆ. ಕಣ ಕಾದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಎಂಥ ಗಟ್ಟಿ ಕಾವಲುಗಾರನಿಗೂ ನಡುರಾತ್ರಿ ದಾಟಿದ ಮೇಲೆ ಮೊದಲು ಜೋಂಪು, ಕಳ್ಳ ಕಾಯುವುದು ಅದೇ ಗಳಿಗೆಗೆ. ಈ ಕಾವಲುಗಾರನಿಗೆ ಆ ಗಳಿಗೆ ಇಲ್ಲ.

ಎಂಟನೆಯ ತುಂಡು ಅದಕ್ಕೆ ಜೋಡಿ. "ವಲಾ ಯಊದುಹೂ ಹಿಫ್ಜ಼ುಹುಮಾ", ಕಾಯುವುದು ಅವನಿಗೆ ಭಾರವಲ್ಲ. ಇಲ್ಲಿ ಕಾಯುವುದಕ್ಕೆ ಬಂದ ಮಾತು "ಹಿಫ್ಜ಼್". ಅಬೂ ಹುರೈರಾ ಅವರ ಕಥೆಯಲ್ಲಿ "ಕಾವಲುಗಾರ" ಎಂದು ನಾನು ಕನ್ನಡಿಸಿದ ಮಾತು "ಹಾಫಿಜ಼್", ಅದೇ ಬೇರಿನದು. ಕುರ್‌ಆನನ್ನು ಬಾಯಿಪಾಠ ಇಟ್ಟುಕೊಂಡವರನ್ನು ನಾವು ಹಾಫಿಜ಼್ ಎನ್ನುವುದು ಅವರು ಅದನ್ನು ಎದೆಯಲ್ಲಿ ಕಾಯುತ್ತಾರೆಂದು. ಹೊಸ್ತಿಲು ದಾಟುವಾಗ "ಖುದಾ ಹಾಫಿಜ಼್" ಎನ್ನುವುದೂ ಇದೇ. ಮಲಗುವವನು ತನ್ನನ್ನು ತಾನು ಕಾಯಲಾರ. ಆ ಹೊತ್ತಿಗೆ, ನಿದ್ದೆ ಹತ್ತದವನು, ಕಾಯಲು ಬೇಸರಪಡದವನು ಒಬ್ಬನಿದ್ದಾನೆ ಎಂದು ಹೇಳಿ ಕಣ್ಣು ಮುಚ್ಚುತ್ತಾನೆ. ರಾತ್ರಿಗೂ ಈ ಆಯತಿಗೂ ಇರುವ ನಂಟನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಇಡೀ ಆಯತಿನಲ್ಲಿ ಜಿನ್ನಿನ ಹೆಸರೂ ಇಲ್ಲ, ಶೈತಾನನ ಹೆಸರೂ ಇಲ್ಲ.

ಬೇಕಾದರೆ ಬೆರಳಲ್ಲಿ ಎಣಿಸಿ ನೋಡಿ, ಉಳಿದ ತುಂಡುಗಳೂ ಹೀಗೇ ಜೋಡಿಯಾಗುತ್ತವೆ. ಮೊದಲನೆಯದರ ಕೊನೆಗೂ ಒಂಬತ್ತನೆಯದರ ಕೊನೆಗೂ ಎರಡೆರಡು ಹೆಸರು. ಮೂರು ಮತ್ತು ಏಳರಲ್ಲಿ ಆಕಾಶ, ಭೂಮಿ. ನಾಲ್ಕು ಮತ್ತು ಆರರಲ್ಲಿ "ಅವನು ಬಿಟ್ಟರೆ ಮಾತ್ರ" ಎಂಬ ಷರತ್ತು. ನಡುವೆ ಐದನೆಯದು ಒಂಟಿ. ಬಾಯಿಪಾಠ ಮಾಡುವವರಿಗೆ ಇದು ಒಳ್ಳೆಯ ಹಿಡಿ.

ಕುರ್ಸಿಯ ಬಗ್ಗೆ ಒಂದು ಮಾತು. ನಾವು ಕೂರುವ "ಕುರ್ಚಿ" ಈ ಪದದಿಂದಲೇ ಬಂದದ್ದು, ಹಾಗಾಗಿ ಮಕ್ಕಳು "ಅಲ್ಲಾಹ್ ಕುರ್ಚಿ ಮ್ಯಾಲೆ ಕೂಡ್ತಾನಾ?" ಎಂದು ಕೇಳಿಯೇ ಕೇಳುತ್ತಾರೆ. ಇಬ್ನ್ ಅಬ್ಬಾಸ್ (ರ) ಅವರ ಹೆಸರಿನಲ್ಲಿ ಎರಡು ವಿವರಣೆಗಳು ಬಂದಿವೆ. ಒಂದರ ಪ್ರಕಾರ ಕುರ್ಸಿ ಎಂದರೆ ಪಾದಪೀಠದ ಜಾಗ, ಸಿಂಹಾಸನವಾದ ಅರ್ಶ್ ಅದಕ್ಕಿಂತ ದೊಡ್ಡದು, ಬೇರೆಯದು. ಇನ್ನೊಂದರ ಪ್ರಕಾರ ಕುರ್ಸಿ ಎಂದರೆ ಅವನ ಜ್ಞಾನ. ಆಳ್ವಿಕೆ, ಅಧಿಕಾರ ಎಂದು ಅರ್ಥ ಮಾಡಿದವರೂ ಇದ್ದಾರೆ. ಮನುಷ್ಯ ಕೂತಂತೆ ಎಂದು ಮಾತ್ರ ಕಲ್ಪಿಸಬಾರದು ಎನ್ನುವಲ್ಲಿ ಎಲ್ಲರೂ ಒಂದೇ. ಮಗಳು ಕೇಳಿದರೆ "ಆಕಾಶ ಎಲ್ಲ ಹಿಡಿಸುವಷ್ಟು ದೊಡ್ಡದು, ನಮ್ಮ ಮನಿ ಕುರ್ಚಿ ಹಂಗಲ್ಲ" ಎಂದರೆ ಸದ್ಯಕ್ಕೆ ಸಾಕು.

ಇನ್ನು ನಿಮ್ಮ ಚೀಟಿ. ತಪ್ಪು ಓದಿದರೆ ಉಲ್ಟಾ ಆಗುತ್ತದೆ ಎಂಬ ಆಪಾ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಉಲ್ಟಾ ಆಗುವುದು ಮನೆಯಲ್ಲಲ್ಲ, ವಾಕ್ಯದಲ್ಲಿ.

ಚೀಟಿಯಲ್ಲಿ "ಲ ತಾಖುಜುಹು" ಎಂದಿದೆ. ಇರಬೇಕಾದ್ದು "ಲಾ ತಅ್‌ಖುಜ಼ುಹೂ". ಅರಬ್ಬಿಯಲ್ಲಿ ದೀರ್ಘ "ಲಾ" ಎಂದರೆ ಇಲ್ಲ. ಹ್ರಸ್ವ "ಲ" ಕ್ರಿಯಾಪದದ ಮುಂದೆ ಬಂದರೆ ಖಂಡಿತ ಎಂಬ ಒತ್ತು. ನೀವು ಹ್ರಸ್ವ ಓದಿದಾಗ "ಅವನಿಗೆ ಜೋಂಪು ಹತ್ತುವುದಿಲ್ಲ" ಎಂಬುದು "ಅವನಿಗೆ ಜೋಂಪು ಹತ್ತಿಯೇ ಹತ್ತುತ್ತದೆ" ಎಂದಾಗಿಬಿಡುತ್ತದೆ. ಅದೇ ಮುಂದಿನ "ಲಾಹು ಮಾ" ಎಂಬಲ್ಲಿ ತಿರುಗುಮುರುಗು: ಅಲ್ಲಿ "ಲಹೂ" ಎಂದಿರಬೇಕು, ಅಂದರೆ "ಅವನದು". ಮೊದಲ ಅಕ್ಷರ ಹ್ರಸ್ವ, ಎರಡನೆಯದು ದೀರ್ಘ. ಬರೆದವರು ದೀರ್ಘ ಇರುವಲ್ಲಿ ತೆಗೆದಿದ್ದಾರೆ, ಇಲ್ಲದಲ್ಲಿ ಇಟ್ಟಿದ್ದಾರೆ. ಕನ್ನಡದವರಿಗೆ ಇದು ತಿದ್ದಲು ಸುಲಭ, "ಕಡು" ಮತ್ತು "ಕಾಡು" ನಮಗೆ ಬೇರೆಬೇರೆಯಾಗಿಯೇ ಕೇಳುತ್ತವೆ. ದೀರ್ಘದ ಮೇಲೆ ಬೆರಳೊಂದು ಬಿಚ್ಚುವಷ್ಟು ಹೊತ್ತು ನಿಲ್ಲಿ.

ಎರಡನೆಯದು ಪದ ಒಡೆದದ್ದು. "ಇಲ್ಲಾಹು ವಲ್" ಎಂಬುದನ್ನು "ಇಲ್ಲಾ ಹುವಲ್" ಎಂದು ಬರೆದುಕೊಳ್ಳಿ. "ಇಲ್ಲಾ" ಎಂದರೆ ಹೊರತು, "ಹುವ" ಎಂದರೆ ಅವನು. ಉಸಿರು ಎಲ್ಲಿ ಬಿಡಬೇಕು ಎಂಬುದೂ ಇದಕ್ಕೇ ಸೇರಿದ್ದು. ವಯಸ್ಸಾದ ಒಬ್ಬ ಅಮ್ಮ ನನ್ನಲ್ಲಿ ಕಲಿಯಲು ಬಂದಾಗ ಉಬ್ಬಸದಿಂದ "ಲಾ ಇಲಾಹ" ಎಂದು ನಿಂತು, ಉಸಿರೆಳೆದು, ಮುಂದಿನದನ್ನು ಹೇಳುತ್ತಿದ್ದರು. ಅಲ್ಲಿ ನಿಂತರೆ "ದೇವರೇ ಇಲ್ಲ" ಎಂದಷ್ಟೇ ಉಳಿಯುತ್ತದೆ. ಮೊದಲು ಉಸಿರು ತುಂಬಿಕೊಂಡು "ಖಯ್ಯೂಮ್" ತನಕ ಒಂದೇ ಎಳೆಯಲ್ಲಿ ಹೋಗಿ, ಆಗದಿದ್ದರೆ "ಹುವ" ಮುಗಿಸಿ ನಿಂತು ಹಿಂದಿನಿಂದ ಮತ್ತೆ ಹಿಡಿಯಿರಿ ಎಂದೆ. ವಾರದೊಳಗೆ ಸರಿಯಾಯಿತು.

ಮೂರನೆಯದು ಕೊನೆಯ ಉಕಾರ. ನಮ್ಮ ಭಾಷೆಯಲ್ಲಿ ಪದಗಳು ಸ್ವರದಲ್ಲೇ ಮುಗಿಯುವುದರಿಂದ ಕೈ ತಾನಾಗಿ "ಖಯ್ಯೂಮು, ನೌಮು" ಎಂದು ಬರೆಯುತ್ತದೆ. ನಿಲ್ಲುವ ಜಾಗದಲ್ಲಿ ಅರಬ್ಬಿ ಆ ಸ್ವರವನ್ನು ಬಿಡುತ್ತದೆ: ಖಯ್ಯೂಮ್, ನೌಮ್. ಇದರಿಂದ ಅರ್ಥ ಕೆಡುವುದಿಲ್ಲ, ಓದು ಚಂದವಾಗುತ್ತದೆ ಅಷ್ಟೇ.

ನಾಲ್ಕನೆಯದು ನನ್ನದೂ ಆಗಿದ್ದ ತಪ್ಪು. ಮೇಲೆ ನಾನೂ "ಖಯ್ಯೂಮ್" ಎಂದೇ ಬರೆದೆ, ಗಮನಿಸಿದಿರಾ? ನಮ್ಮ ದಖನಿ ನಾಲಿಗೆಗೆ ಅರಬ್ಬಿಯ ಗಂಟಲ "ಕಾಫ್" ಎಂದರೆ "ಖ"ನೇ. ಕಬ್ರಸ್ತಾನ್ ಇಲ್ಲಿ ಖಬರಸ್ತಾನ, ಕಲಮ್ ಖಲಂ. ಆ ಸದ್ದಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ, ಹಾಗಾಗಿ ಚೀಟಿ ಎಷ್ಟು ತಿದ್ದಿದರೂ ಅಲ್ಲಿ ಮುಟ್ಟದು. ನಾಲಿಗೆಯ ಬುಡವನ್ನು ಕಿರುನಾಲಿಗೆಗೆ ತಾಗಿಸಿ "ಕ" ಹೇಳಬೇಕು, ಗಾಳಿ ಸವರಿಕೊಂಡು ಹೋದರೆ "ಖ" ಆಗುತ್ತದೆ, ತಟ್ಟನೆ ಬಿಟ್ಟರೆ ಸರಿ. "ಹಯ್ಯ್"ನ ಹಕಾರವೂ ಹಾಗೆ, ಕನ್ನಡಿಯ ಮೇಲೆ ಉಸಿರು ಊದಿ ಒರೆಸುವಾಗ ಗಂಟಲ ನಡುವಿನಿಂದ ಬರುವ ಸದ್ದು. ಕೊನೆಯ "ಅಜೀಮ್" ಎಂಬಲ್ಲಿ ಜಕಾರದ ಕೆಳಗೆ ಚುಕ್ಕೆ ಇಟ್ಟು "ಅಜ಼ೀಮ್" ಎಂದು ಬರೆದುಕೊಳ್ಳಿ. ಇವು ಕಿವಿಯಿಂದ ಬರುವ ಪಾಠ. ಕಲಿತ ಹೆಣ್ಣುಮಗಳೊಬ್ಬರು ಓಣಿಯಲ್ಲಿ ಇದ್ದೇ ಇರುತ್ತಾರೆ, ಅವರ ಎದುರು ಕೂತು ನಾಲ್ಕು ಸಂಜೆ ಹೇಳಿದರೆ ಸಾಕು.

ಅಲ್ಲಿಯವರೆಗೆ ಓದುವುದನ್ನು ನಿಲ್ಲಿಸಬೇಡಿ. ತೊದಲುತ್ತಾ, ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪ್ರತಿಫಲ ಎಂಬ ಹದೀಸನ್ನು ಆಯಿಶಾ (ರ) ಹೇಳಿದ್ದಾರೆ. ಗೊತ್ತಾದ ಮೇಲೂ ತಿದ್ದಿಕೊಳ್ಳದಿರುವುದು ತಪ್ಪು, ಗೊತ್ತಿಲ್ಲದೆ ಜಾರಿದ ನಾಲಿಗೆ ಅಪರಾಧಿಯಲ್ಲ.

ತಿಂಗಳ ದಿನಗಳ ಬಗ್ಗೆ. ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫಿ ಮಝ್‌ಹಬ್‌ನವರು. ಅದರಂತೆ ಆ ದಿನಗಳಲ್ಲಿ ಕುರ್‌ಆನನ್ನು ತಿಲಾವತ್, ಅಂದರೆ ಪಾರಾಯಣ ಎಂದು ಓದಬಾರದು, ಕುರ್‌ಆನ್ ಪ್ರತಿಯಾದ ಮುಸ್‌ಹಫ್ ಬರಿಗೈಯಲ್ಲಿ ಮುಟ್ಟಬಾರದು. ಆದರೆ ಸ್ತುತಿ, ದುಆ ಇರುವ ಆಯತ್‌ಗಳನ್ನು ದುಆ ಅಥವಾ ಝಿಕ್ರ್ ಎಂಬ ನಿಯ್ಯತ್ತಿನಿಂದ ಹೇಳಬಹುದು ಎಂದು ಹನಫಿ ಫಿಕ್ಹ್ ಗ್ರಂಥಗಳೇ ಹೇಳುತ್ತವೆ. ಆಯತುಲ್ ಕುರ್ಸಿ ಪೂರ್ತಿ ಸ್ತುತಿಯೇ, ಹಾಗಾಗಿ ರಕ್ಷಣೆ ಬೇಡುವ ಮನಸ್ಸಿನಿಂದ ಮಲಗುವಾಗ ಹೇಳಿಕೊಳ್ಳಿ. ಬೇರೆ ಪಂಥದ ಆಲಿಮ್‌ಗಳಲ್ಲಿ ಇದಕ್ಕಿಂತ ಸಡಿಲ ಹೇಳುವವರೂ ಇದ್ದಾರೆ. "ಓದಲೇಬಾರದು" ಎಂಬುದಂತೂ ನಮ್ಮ ಮಝ್‌ಹಬ್‌ನ ಪೂರ್ತಿ ಮಾತಲ್ಲ.

ಹಾಗಾದ ಮೇಲೆ ಮೊಬೈಲಿನ ಅಗತ್ಯವೇ ಬೀಳದು. ಹದೀಸಿನಲ್ಲಿರುವುದು "ಓದು" ಎಂದು. ಕೇಳುವುದು ಒಳ್ಳೆಯದೇ, ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕುರ್‌ಆನ್ ಓದುವಾಗ ಗಮನವಿಟ್ಟು ಕೇಳಿ, ಮೌನವಾಗಿರಿ ಎಂದು ಕುರ್‌ಆನೇ (7:204) ಹೇಳುತ್ತದೆ. ಎಲ್ಲರೂ ಗೊರಕೆ ಹೊಡೆಯುವ ಕೋಣೆಯಲ್ಲಿ ರಾತ್ರಿಯೆಲ್ಲ ಹಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಬೆಚ್ಚುವ ಮಗುವಿನ ದಿಂಬಿನ ಪಕ್ಕ ಸದ್ದು, ಬೆಳಕು ಇದ್ದರೆ ನಿದ್ದೆ ಇನ್ನಷ್ಟು ಒಡೆಯುತ್ತದೆ.

ತಾವೀಜಿನ ವಿಷಯದಲ್ಲಿ ಆಲಿಮ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಕುರ್‌ಆನಿನ ಮಾತೇ ಇದ್ದು, ಕಾಪಾಡುವವನು ಅಲ್ಲಾಹನೇ ಎಂಬ ನಂಬಿಕೆ ಇದ್ದರೆ ಆಗಬಹುದು ಎನ್ನುವವರು ಕೆಲವರು, ಅದೂ ಬೇಡ ಎನ್ನುವವರು ಕೆಲವರು. ಅಂಕಿಗಳ ಚೌಕ, ಯಾರಿಗೂ ತಿಳಿಯದ ಬರಹ, ಮುಂದಿನ ವಾರಕ್ಕೆ ಮತ್ತಷ್ಟು ರೊಕ್ಕ ಕೇಳುವ, ತಾವೀಜ್ ಕಟ್ಟುವ ಆಮಿಲ್, ಇವು ಕಂಡರೆ ಎದ್ದು ಬನ್ನಿ. ನನ್ನನ್ನು ಕೇಳಿದರೆ, ಮಲಗುವ ಮಗುವಿನ ಕೊರಳಿಗೆ ದಾರವೇ ಬೇಡ, ಹೊರಳಾಡುವಾಗ ಬಿಗಿದುಕೊಳ್ಳುತ್ತದೆ. ನೀವೇ ಓದಿ ಅವಳ ಮೇಲೆ ಉಸಿರೂದಿ ದಮ್ ಮಾಡಿ. ಪ್ರವಾದಿಯವರು ಮೊಮ್ಮಕ್ಕಳಾದ ಹಸನ್, ಹುಸೈನ್ ಅವರಿಗಾಗಿ ರಕ್ಷಣೆಯ ದುಆ ತಾವೇ ಓದುತ್ತಿದ್ದರು. ತಾಯಿಯ ಬಾಯಿಗಿಂತ ದೊಡ್ಡ ಆಮಿಲ್ ಬೇಕಿಲ್ಲ.

ಮಗಳನ್ನು ಮಕ್ಕಳ ಡಾಕ್ಟರಿಗೂ ತೋರಿಸಿ. ನಾನು ಡಾಕ್ಟರಲ್ಲ, ಆದರೆ ಇಂಥ ಮಕ್ಕಳನ್ನು ಕರೆತಂದ ಎಷ್ಟೋ ತಾಯಂದಿರನ್ನು ಮೊದಲು ದವಾಖಾನೆಗೇ ಕಳಿಸಿದ್ದೇನೆ. ಮಲಗಿದ ಒಂದೆರಡು ತಾಸಿನೊಳಗೆ ಚೀರಿ ಎದ್ದು, ಕಣ್ಣು ತೆರೆದಿದ್ದರೂ ಯಾರನ್ನೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲ ಎಂದರೆ ಅದು ಮಕ್ಕಳಲ್ಲಿ ಕಾಣುವ ನಿದ್ದೆಯ ಬೆಚ್ಚುವಿಕೆ, ಹೆಚ್ಚಿನವರಲ್ಲಿ ಬೆಳೆಯುತ್ತಾ ತಾನೇ ಹೋಗುತ್ತದೆ. ನಿದ್ದೆ ಕಡಿಮೆ, ಜ್ವರ, ದುಗುಡ ಇದ್ದರೆ ಹೆಚ್ಚಾಗುತ್ತದೆ. ಬೆಳಗಿನ ಜಾವ ಎದ್ದು ಕನಸನ್ನು ಹೇಳಿಕೊಂಡು ಅಳುವುದಾದರೆ ಅದು ಕೆಟ್ಟ ಕನಸು. ಕೈಕಾಲು ಸೆಟೆದು ಅದುರಿದರೆ, ಜೋರು ಗೊರಕೆಯ ನಡುವೆ ಉಸಿರು ನಿಂತಂತಾದರೆ, ವಾರದಲ್ಲಿ ಹಲವು ಸಲ ಆದರೆ ತಡಮಾಡಬೇಡಿ. ಸಾಧ್ಯವಾದರೆ ಆ ಹೊತ್ತನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟು ಡಾಕ್ಟರಿಗೆ ತೋರಿಸಿ, ಮೊಬೈಲಿಗೆ ರಾತ್ರಿ ಇರುವ ಒಳ್ಳೆಯ ಕೆಲಸ ಇದು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿಸಿಕೊಂಡು ದೊಡ್ಡವರು ಜಿನ್ನಿನ ಕಥೆ ಹೇಳುವುದನ್ನೂ ಕೆಲವು ದಿನ ನಿಲ್ಲಿಸಲಿ. ಮಗಳ ಎದುರು "ಇವತ್ತು ಓದೋದು ಬಿಟ್ಟೀವಿ" ಎಂದು ಗಾಬರಿಪಡಬೇಡಿ, ಅವಳು ಅದನ್ನೇ ಹಾಸಿಗೆಗೆ ಒಯ್ಯುತ್ತಾಳೆ.

ಚೀಟಿಯನ್ನು ಹೊಸದಾಗಿ ಒಂಬತ್ತು ಸಾಲಾಗಿ ಬರೆಯಿರಿ, ಒಂದು ತುಂಡಿಗೆ ಒಂದು ಸಾಲು, ಎದುರಿಗೆ ಕನ್ನಡ ಅರ್ಥ. ಮೊದಲ ಮೂರನ್ನು ಬರೆದುಕೊಡುತ್ತೇನೆ, ಉಳಿದದ್ದನ್ನು ಕಲಿಸುವವರ ಎದುರೇ ಬರೆದುಕೊಳ್ಳಿ:

ಅಲ್ಲಾಹು ಲಾ ಇಲಾಹ ಇಲ್ಲಾ ಹುವಲ್ ಹಯ್ಯುಲ್ ಕಯ್ಯೂಮ್
ಲಾ ತಅ್‌ಖುಜ಼ುಹೂ ಸಿನತುಂವ್ ವಲಾ ನೌಮ್
ಲಹೂ ಮಾ ಫಿಸ್ಸಮಾವಾತಿ ವಮಾ ಫಿಲ್ ಅರ್ದ್

"ಅರ್ದ್" ಕೊನೆಯ ಅಕ್ಷರವೂ ಕನ್ನಡದಲ್ಲಿಲ್ಲ, ಅದನ್ನೂ ಕೇಳಿ ಕಲಿಯಿರಿ. ಎಂಟು ವರ್ಷದ ಹುಡುಗಿಗೆ ಎರಡನೇ ಸಾಲನ್ನು ಕೊಡಿ, ಎಂಟನೆಯದು ನಿಮಗಿರಲಿ. ಓದುತ್ತಾ ಎರಡಕ್ಕೆ ಬಂದಾಗ ಅವಳು ಹೇಳಲಿ, ಎಂಟಕ್ಕೆ ಬಂದಾಗ ನೀವು. ಯಾರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವಳೇ ನಿಮಗೆ ಹೇಳಿ ಮಲಗಲಿ.